ಹತ್ತು ದಿನಗಳ ಅರ್ಜಿ

ಕಾಲಾವಕಾಶವನ್ನು ಕೇಳುವ ಅರ್ಜಿಯೆಂದರೆ ಅದು ಕರುಣೆಯನ್ನು ಬೇಡುವ ಕಾಗದವೆಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅರ್ಜಿದಾರನು ತನ್ನ ಬಡತನವನ್ನೂ ಮನೆಯ ಕಷ್ಟವನ್ನೂ ಆರೋಗ್ಯವನ್ನೂ ಹೇಳಿಕೊಂಡು, ಕೊನೆಯಲ್ಲಿ ‘ದಯಮಾಡಿ’ ಎಂಬ ಮಾತನ್ನು ಎರಡು ಸಲ ಸೇರಿಸಿದರೆ ಅರ್ಜಿ ಪೂರ್ಣವಾಯಿತೆಂಬ ನಂಬಿಕೆ ಬಳಕೆಯಲ್ಲಿದೆ. ನನ್ನ ಅಭಿಪ್ರಾಯ ಬೇರೆ. ಕಚೇರಿಯೇ ತನ್ನ ನಮೂನೆಯನ್ನು ಬದಲಾಯಿಸಿದುದರಿಂದ ಹೆಚ್ಚಿದ ಕೆಲಸಕ್ಕೆ ಕೇಳುವ ಕಾಲಾವಕಾಶವು ಕರುಣೆಯ ವಿಷಯವಲ್ಲ, ಲೆಕ್ಕದ ವಿಷಯ. ಆ ಲೆಕ್ಕವನ್ನು ಬರೆದು ತೋರಿಸುವುದು ಅರ್ಜಿದಾರರ ಹೊಣೆ; ಅದನ್ನು ಓದಿ ಒಪ್ಪುವುದು, ಇಲ್ಲವೇ ಎಲ್ಲಿ ತಪ್ಪಿದೆಯೆಂದು ಹೇಳುವುದು ಕಚೇರಿಯ ಹೊಣೆ. ಈ ಮಾತನ್ನು ನಾನು ಬರಿಯ ತರ್ಕದಿಂದ ಹೇಳುತ್ತಿಲ್ಲ. ನಮ್ಮೂರು ಬಂಡಳ್ಳಿಯ ಸಂಶೋಧಕಿಯೊಬ್ಬರು 2025ರ ಫೆಬ್ರವರಿಯಲ್ಲಿ ಬರೆದ ಇಂಥದೊಂದು ಅರ್ಜಿಯನ್ನು ಹತ್ತಿರದಿಂದ ಕಂಡು ಹೇಳುತ್ತಿದ್ದೇನೆ. ಅವರ ಹೆಸರಾಗಲಿ ವಿಶ್ವವಿದ್ಯಾಲಯದ ಹೆಸರಾಗಲಿ ಇಲ್ಲಿ ಬೇಕಿಲ್ಲ. ನಾನು ಅವರನ್ನು ಅಕ್ಕ ಎಂದು ಕರೆಯುವುದರಿಂದ ಈ ಲೇಖನದಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಅಕ್ಕನವರ ಸಂಶೋಧನೆಯ ವಿಷಯ ನಮ್ಮ ಸೀಮೆಯ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆಯ ಮಾದಪ್ಪನ ಕಥೆ. ಮಹಾಪ್ರಬಂಧ ಒಟ್ಟು 312 ಪುಟ. ಅದರಲ್ಲಿ 216 ಪುಟ ಅವರ ಸ್ವಂತ ವಿವೇಚನೆ. ಉಳಿದ 96 ಪುಟ ಅವರು ಹಳ್ಳಿ ಹಳ್ಳಿ ತಿರುಗಿ ಧ್ವನಿಮುದ್ರಿಸಿಕೊಂಡು ಬರೆದಿಳಿಸಿದ ಹಾಡಿನ ಪಾಠ. ವಿಶ್ವವಿದ್ಯಾಲಯದ ಹಳೆಯ ನಮೂನೆಯು ‘ನುಡಿ’ ಅಕ್ಷರದಲ್ಲಿ ಬೆರಳಚ್ಚು ಮಾಡಬೇಕೆಂದು ಹೇಳಿತ್ತು. ಅವರು ಹಾಗೆಯೇ ಮಾಡಿಸಿದರು. ಸಾರಲೇಖವನ್ನು 2024ರ ಆಗಸ್ಟ್ 28ರಂದು ಒಪ್ಪಿಸಿದರು. ಸಾರಲೇಖ ಕೊಟ್ಟ ಆರು ತಿಂಗಳೊಳಗೆ ಪ್ರಬಂಧವನ್ನು ಒಪ್ಪಿಸಬೇಕೆಂಬುದು ಅಲ್ಲಿಯ ನಿಯಮವಾದುದರಿಂದ ಫೆಬ್ರವರಿ 28 ಕೊನೆಯ ದಿನವಾಯಿತು. ಎಲ್ಲವೂ ಸಿದ್ಧವಾಗಿ ಮುದ್ರಣವೊಂದೇ ಉಳಿದಿದ್ದಾಗ, ಫೆಬ್ರವರಿ 10ರ ದಿನಾಂಕದ ಸುತ್ತೋಲೆಯೊಂದು 12ರಂದು ಅವರ ಕೈ ಸೇರಿತು. ಇನ್ನು ಮುಂದೆ ಕನ್ನಡ ಪ್ರಬಂಧಗಳೆಲ್ಲ ಯೂನಿಕೋಡಿನಲ್ಲಿಯೇ ಇರಬೇಕು, ಹೊಸ ನಮೂನೆಯಂತೆ ಅಂಚು, ಸಾಲಿನ ಅಂತರ, ಅಡಿಟಿಪ್ಪಣಿಗಳಿರಬೇಕು, ಬೇರೆಯದನ್ನು ಸ್ವೀಕರಿಸಲಾಗುವುದಿಲ್ಲ ಎಂಬುದು ಅದರ ಸಾರಾಂಶ.

ಕಚೇರಿಯ ಈ ಬದಲಾವಣೆ ಹುಚ್ಚಾಟವೆಂದು ನಾನು ಹೇಳಲಾರೆ. ಅದಕ್ಕೆ ತಕ್ಕ ಕಾರಣವಿದೆ. ‘ನುಡಿ’ಯ ಹಳೆಯ ಅಕ್ಷರಗಳಲ್ಲಿ ಗಣಕಯಂತ್ರವು ಕನ್ನಡವನ್ನು ಕನ್ನಡವೆಂದು ತಿಳಿಯುವುದಿಲ್ಲ. ಇಂಗ್ಲಿಷ್ ಮೊದಲಾದ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರಗಳನ್ನು ಕೂರಿಸಿದ್ದಾರೆ, ಅಷ್ಟೆ. ‘ಕ’ ಎಂಬ ಒಂದು ಅಕ್ಷರವೇ ಅಲ್ಲಿ ಎರಡು ತುಂಡು: ತಲೆಕಟ್ಟಿಲ್ಲದ ಮೈ ಒಂದು, ತಲೆಕಟ್ಟು ಇನ್ನೊಂದು. ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ‘ಕನ್ನಡ’ ಎಂಬ ಪದ PÀ£ÀßqÀ ಎಂದು ಕಾಣುತ್ತದೆ. ಯೂನಿಕೋಡಿನಲ್ಲಾದರೋ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಆದ ಸಂಖ್ಯೆಯಿದೆ. ಯಾವ ಯಂತ್ರದಲ್ಲಿ ತೆರೆದರೂ ಕ ಎಂದರೆ ಕ. ಈಗ ಪ್ರಬಂಧಗಳು ಕಪಾಟಿನಲ್ಲಿ ಉಳಿಯುವುದಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಭಂಡಾರಕ್ಕೆ ಹೋಗುತ್ತವೆ. ಹಳೆಯ ಅಕ್ಷರದ ಪ್ರಬಂಧವನ್ನು ಅಲ್ಲಿ ಕಣ್ಣಿನಿಂದ ಓದಬಹುದೇ ಹೊರತು ಒಳಗಿನ ಒಂದು ಪದವನ್ನು ಹುಡುಕಲಾಗದು. ಕೃತಿಚೌರ್ಯದ ತಪಾಸಣೆಯೂ ಅಂಥ ಕಡತದ ಮೇಲೆ ಕುರುಡಾಗುತ್ತದೆ. ಆದುದರಿಂದ ಯೂನಿಕೋಡು ಬೇಕು. ನನ್ನ ಆಕ್ಷೇಪಣೆಯಿರುವುದು ಬದಲಾವಣೆಯ ಮೇಲಲ್ಲ, ಬದಲಾವಣೆಗೆ ಕೊಟ್ಟ ಹದಿನಾರು ದಿನದ ಮೇಲೆ.

‘ಇದಕ್ಕೇಕೆ ಇಷ್ಟು ಗಲಾಟೆ? ಅದನ್ನು ಇದಕ್ಕೆ ಬದಲಾಯಿಸುವ ಪರಿವರ್ತಕ ಇದೆಯಲ್ಲ, ಗುಂಡಿ ಒತ್ತಿದರೆ ಆಯಿತು’ ಎಂದು ಸುಲಭವಾಗಿ ಹೇಳುವವರಿದ್ದಾರೆ. ಪರಿವರ್ತಕ ಇರುವುದು ನಿಜ. ಆದರೆ ಅದು ಏನನ್ನು ಮಾಡುತ್ತದೆ, ಏನನ್ನು ಕೆಡಿಸುತ್ತದೆ ಎಂಬುದನ್ನು ವಾಚಕರು ತಿಳಿಯದೆ ಹತ್ತು ದಿನದ ಬೆಲೆ ತಿಳಿಯದು.

ಮೊದಲನೆಯದು ಅರ್ಕಾವತ್ತು. ಹಳೆಯ ಅಕ್ಷರದಲ್ಲಿ ‘ವರ್ಷ’ ಎಂಬ ಪದವನ್ನು ಕೂರಿಸುವಾಗ ಮೊದಲು ವ, ಆಮೇಲೆ ಷ, ಕೊನೆಗೆ ಅರ್ಕಾವತ್ತಿನ ಚಿತ್ರ. ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮ: ವ, ಆಮೇಲೆ ರ್, ಕೊನೆಗೆ ಷ. ಪರಿವರ್ತಕವು ಪ್ರತಿ ಅರ್ಕಾವತ್ತನ್ನೂ ಹಿಂದಕ್ಕೆ ಎತ್ತಿ ಇಡಬೇಕು. ಎಲ್ಲಿ ಎಡವಿತೋ ಅಲ್ಲಿ ‘ವರ್ಷ’ವು ‘ವಷರ್’ ಆಗುತ್ತದೆ, ‘ಧರ್ಮ’ವು ‘ಧಮರ್’ ಆಗುತ್ತದೆ, ‘ಮೂರ್ತಿ’ಯು ‘ಮೂತಿರ್’ ಆಗುತ್ತದೆ. ದೇವರ ಮೂರ್ತಿ ಮೂತಿಯಾದುದನ್ನು ಕಂಡು ನಾವು ನಕ್ಕೆವು, ಪರೀಕ್ಷಕರು ನಗಲಾರರು. ಪದದ ಕೊನೆಯಲ್ಲಿ ‘ರ್’ ಬಂದಿರುವ ಕಡೆಗಳನ್ನೆಲ್ಲ ಯಂತ್ರದಿಂದಲೇ ಹುಡುಕಿಸಿದರೆ ಇಂಥ ತಪ್ಪುಗಳಲ್ಲಿ ಬಹಳಷ್ಟು ಸಿಕ್ಕುತ್ತವೆ. ಆದರೆ ‘ಧರ್ಮದ’ ಎಂಬುದು ‘ಧಮರ್ದ’ ಆದಾಗ ರ್ ಪದದ ನಡುವೆ ಅಡಗಿಕೊಳ್ಳುತ್ತದೆ, ಹುಡುಕಾಟಕ್ಕೆ ಸಿಕ್ಕುವುದಿಲ್ಲ. ಅದನ್ನು ಹಿಡಿಯುವುದು ಕಣ್ಣೊಂದೇ.

ಎರಡನೆಯದು ಅರ್ಧಾಕ್ಷರ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆದುದನ್ನು ಕೆಲವು ಪರಿವರ್ತಕಗಳು ‘ರಾಜ್ಕುಮಾರ್’ ಎಂದು ಒತ್ತು ಕೊಟ್ಟು ಕೂಡಿಸಿಬಿಡುತ್ತವೆ. ಸಾಮಾನ್ಯ ಗದ್ಯದಲ್ಲಿ ಇಂಥವು ವಿರಳ. ಹಾಡಿನ ಪಾಠದಲ್ಲಿ ಹೆಜ್ಜೆಹೆಜ್ಜೆಗೂ ಇವೆ. ಹಾಡುವವನು ಎಲ್ಲಿ ಉಸಿರು ತಡೆದ, ಎಲ್ಲಿ ಒತ್ತಿದ ಎಂಬುದನ್ನು ತೋರಿಸಲೆಂದೇ ಅಕ್ಕ ‘ಬಂದ್‌ಬುಟ್ಟ’ ಎಂದು ಬಿಡಿಸಿ ಬರೆದಿದ್ದರು. ಅದು ‘ಬಂದ್ಬುಟ್ಟ’ ಆದರೆ ಅಕ್ಷರ ತಪ್ಪಲ್ಲ, ಆದರೆ ಅವರ ನಾಲ್ಕು ವರ್ಷದ ಕಿವಿಯ ಕೆಲಸ ಅಳಿಸಿಹೋಯಿತು.

ಮೂರನೆಯದು ಕನ್ನಡದ ನಡುವೆ ಬರುವ ಇಂಗ್ಲಿಷ್ ಪದ ಮತ್ತು ಅಡಿಟಿಪ್ಪಣಿ. ಬರಿಯ ಪಠ್ಯವನ್ನು ಅಂಟಿಸಿ ಪರಿವರ್ತಿಸಿದರೆ, ಇದು ಇಂಗ್ಲಿಷ್ ಲೇಖಕನ ಹೆಸರು, ಇದು ಕನ್ನಡದ ತುಂಡು ಎಂಬ ಭೇದ ಪರಿವರ್ತಕಕ್ಕೆ ಗೊತ್ತಿಲ್ಲ. ಎರಡೂ ಒಂದೇ ಜಾಗದ ಅಕ್ಷರಗಳಾದುದರಿಂದ ಆ ಹೆಸರನ್ನೂ ಕನ್ನಡದ ಚೂರುಗಳನ್ನಾಗಿ ಮಾಡಿಬಿಡುತ್ತದೆ. ಜೊತೆಗೆ ಅಡಿಟಿಪ್ಪಣಿಯ ಕೊಂಡಿಗಳು ಕಳಚಿ, ಟಿಪ್ಪಣಿಗಳು ಒಂದು ಕಡೆ, ಅವುಗಳ ಸಂಖ್ಯೆಗಳು ಇನ್ನೊಂದು ಕಡೆ ಉಳಿಯುತ್ತವೆ. ಹೊಸ ಅಕ್ಷರದ ಗಾತ್ರ ಹಳೆಯದರಂತಿಲ್ಲವಾದ್ದರಿಂದ ಪುಟಗಳು ಹಿಗ್ಗುತ್ತವೆ ಇಲ್ಲವೇ ಕುಗ್ಗುತ್ತವೆ. ಪರಿವಿಡಿಯ ಪುಟಸಂಖ್ಯೆಗಳನ್ನೆಲ್ಲ ಮತ್ತೆ ನಮೂದಿಸಬೇಕು. ಇಂಗ್ಲಿಷಿಗೆ ಸರಿಹೋಗುವಂತೆ ಸಾಲಿನ ಅಂತರವನ್ನು ಇಷ್ಟೇ ಎಂದು ಬಿಗಿದಿದ್ದರೆ ಒತ್ತಕ್ಷರಗಳ ಬಾಲ ಕತ್ತರಿಸಿಹೋಗುತ್ತದೆ. ಪರದೆಯ ಮೇಲೆ ಅಷ್ಟಾಗಿ ಗಮನಕ್ಕೆ ಬಾರದ ಈ ದೋಷ ಕಾಗದದ ಮೇಲೆ ಎದ್ದು ಕಾಣುತ್ತದೆ. ಆದ್ದರಿಂದ ‘ಒತ್ತು’ ಹೆಚ್ಚಿರುವ ಒಂದು ಪುಟವನ್ನು ಮೊದಲು ಅಚ್ಚು ಮಾಡಿ ನೋಡದೆ ಉಳಿದುದನ್ನು ಅಚ್ಚಿಗೆ ಕೊಡಬಾರದು.

ಇವೆಲ್ಲಕ್ಕೂ ಮೇಲಾದ ತೊಡಕೊಂದಿದೆ. ಅದು ನಮ್ಮ ಸೀಮೆಯ ಮಾತಿನದು. ನಮ್ಮ ಹಾಡುಗಾರರ ಬಾಯಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಹೋಗು’ ‘ಓಗು’ ಆಗುತ್ತದೆ. ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ‘ಆಲು’ವೂ ತಪ್ಪು, ‘ಧಮರ್’ವೂ ತಪ್ಪು, ಎರಡರ ಕೆಳಗೂ ಒಂದೇ ಕೆಂಪು ಗೆರೆ. ಯಾವುದು ಪರಿವರ್ತಕದ ತಪ್ಪು, ಯಾವುದು ಹಾಡಿದವನ ಸ್ವಂತ ಉಚ್ಚಾರಣೆ ಎಂಬುದನ್ನು ಯಂತ್ರ ಹೇಳಲಾರದು. ಪಟ್ಟಣದ ಬೆರಳಚ್ಚುಗಾರನೂ ಹೇಳಲಾರ. ಅವನು ಒಳ್ಳೆಯ ಮನಸ್ಸಿನಿಂದಲೇ ‘ಆಲು’ವನ್ನು ‘ಹಾಲು’ ಎಂದು ತಿದ್ದಿಬಿಟ್ಟರೆ ಸಂಶೋಧನೆಯ ಆಧಾರವೇ ಕೆಟ್ಟಿತು. ಆದುದರಿಂದ ಆ 96 ಪುಟಗಳನ್ನು ಧ್ವನಿಮುದ್ರಿಕೆಯೊಂದಿಗೆ ಸಾಲು ಸಾಲಾಗಿ ಹೋಲಿಸಿಯೇ ತೀರಬೇಕಾಯಿತು. ಸಂಜೆಯ ಹೊತ್ತು ಕೆಲವು ದಿನ ನಾನೂ ಜೊತೆಗೆ ಕುಳಿತಿದ್ದೆ. ಅಕ್ಕ ಮುದ್ರಿಕೆಯನ್ನು ಕೇಳುವುದು, ನಾನು ಪುಟವನ್ನು ಓದುವುದು. ‘ನಿಲ್ಸು ಕನಪ್ಪ, ಅಲ್ಲಿ ಅವ್ರು ಹಂಗನ್ನಲ್ಲ, ಇನ್ನೊಂದ್ಸಲ ಓದು’ ಎಂದು ಅವರು ತಡೆದರೆ ಮತ್ತೆ ಹಿಂದಿನ ಸಾಲಿಗೆ ಹೋಗುವುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನೇ ಮೊದಲಿಗ. ಮಹಾಪ್ರಬಂಧವೆಂದರೆ ಹೇಗಿರುತ್ತದೆಂಬುದನ್ನು ಕಂಡದ್ದೇ ಆಗ. ನಮ್ಮ ಮನೆಯಲ್ಲಿ ಆಡುವ ಮಾತನ್ನು ತಪ್ಪೆಂದು ತಿದ್ದದೆ ಕಾಪಾಡಿಕೊಳ್ಳಲು ಇಷ್ಟು ಶ್ರಮಪಡುವವರಿದ್ದಾರೆಂಬುದು ನನಗೆ ಹೊಸ ವಿಷಯವಾಗಿತ್ತು.

ಇನ್ನು ಅರ್ಜಿಯ ಮಾತು. ಊರಿನ ಹಿರಿಯರೊಬ್ಬರು ಮೊದಲು ಒಂದು ಕರಡನ್ನು ಬರೆದುಕೊಟ್ಟರು. ಅದರಲ್ಲಿ ಅಕ್ಕ ಬಡ ರೈತನ ಮಗಳೆಂಬುದಿತ್ತು, ತಂದೆಗೆ ಮಂಡಿನೋವೆಂಬುದಿತ್ತು, ‘ತಮ್ಮ ಪಾದಾರವಿಂದಗಳಲ್ಲಿ’ ಎಂಬುದೂ ಇತ್ತು. ಎಷ್ಟು ದಿನ ಬೇಕು, ಏಕೆ ಬೇಕು ಎಂಬುದು ಮಾತ್ರ ಇರಲಿಲ್ಲ. ಹಿರಿಯರನ್ನು ದೂರಿ ಫಲವಿಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕಚೇರಿಯೆಂದರೆ ದೂರದ ಊರು, ಅರಿಯದ ಭಾಷೆ. ಅಂಥ ಕಡೆ ಬೇಡಿಕೊಳ್ಳುವುದರ ಹೊರತು ಬೇರೆ ದಾರಿ ಕಾಣದಿದ್ದ ಕಾಲದ ಶೈಲಿ ಅದು. ಆದರೆ ಕರುಣೆಯನ್ನು ಬೇಡುವ ಅರ್ಜಿಗೆ ಒಂದು ದೊಡ್ಡ ದೋಷವಿದೆ: ಅದನ್ನು ಓದಿದ ಗುಮಾಸ್ತರಿಗೆ ಕಡತದ ಮೇಲೆ ಏನು ಟಿಪ್ಪಣಿ ಬರೆಯಬೇಕೆಂಬುದು ತಿಳಿಯುವುದಿಲ್ಲ. ಮಂಡಿನೋವಿಗೆ ಇಷ್ಟು ದಿನವೆಂದು ಯಾವ ನಿಯಮದಲ್ಲಿಯೂ ಇಲ್ಲ. ಅಕ್ಕ ಆ ಕರಡನ್ನು ಗೌರವದಿಂದ ತೆಗೆದಿಟ್ಟು ತಾವೇ ಬೇರೆ ಬರೆದರು. ಅವರ ಅನುಮತಿಯಿಂದ, ಹೆಸರು ಸಂಖ್ಯೆಗಳನ್ನು ಬಿಟ್ಟು, ಅದನ್ನು ಇಲ್ಲಿ ಕೊಡುತ್ತಿದ್ದೇನೆ.

‘ಇವರಿಗೆ: ಕುಲಸಚಿವರು (ಮೌಲ್ಯಮಾಪನ), ಪಿಎಚ್.ಡಿ. ವಿಭಾಗ.
ಮೂಲಕ: ಮಾರ್ಗದರ್ಶಕರು ಮತ್ತು ವಿಭಾಗದ ಮುಖ್ಯಸ್ಥರು.
ದಿನಾಂಕ: 14 ಫೆಬ್ರವರಿ 2025.

ವಿಷಯ: ನಮೂನೆಯ ಬದಲಾವಣೆಯ ಕಾರಣ ಮಹಾಪ್ರಬಂಧವನ್ನು ಒಪ್ಪಿಸಲು ಮಾರ್ಚ್ 10ರವರೆಗೆ ಹತ್ತು ದಿನಗಳ ಕಾಲಾವಕಾಶ ಕೋರಿ.
ಉಲ್ಲೇಖ: ತಮ್ಮ 10 ಫೆಬ್ರವರಿ 2025ರ ಸುತ್ತೋಲೆ.

ಮಾನ್ಯರೆ,

ನನ್ನ ಸಾರಲೇಖವು 28 ಆಗಸ್ಟ್ 2024ರಂದು ಸ್ವೀಕೃತವಾಗಿದೆ. ಪ್ರಬಂಧವನ್ನು ಆಗ ಜಾರಿಯಲ್ಲಿದ್ದ ನಮೂನೆಯಂತೆ ನುಡಿ ಅಕ್ಷರದಲ್ಲಿ ಪೂರ್ಣಗೊಳಿಸಿದ್ದೇನೆ. ಆ ಪ್ರತಿಯನ್ನು ಮಾರ್ಗದರ್ಶಕರು ನೋಡಿ ರುಜು ಹಾಕಿದ್ದಾರೆ. ಉಲ್ಲೇಖಿತ ಸುತ್ತೋಲೆಯು 12ರಂದು ನನಗೆ ತಲಪಿತು. ಅದರಂತೆ ಪ್ರಬಂಧವನ್ನು ಯೂನಿಕೋಡಿಗೆ ತರಲು ನಾನು ಸಿದ್ಧಳಿದ್ದೇನೆ.

ಅದಕ್ಕೆ ಬೇಕಾದ ಕೆಲಸ ಹೀಗಿದೆ. ಪರಿವರ್ತನೆಗೆ 2 ದಿನ. ಗದ್ಯದ 216 ಪುಟಗಳನ್ನು ಪುಟಕ್ಕೆ 10 ನಿಮಿಷದಂತೆ ಓದಿ ತಿದ್ದಲು 36 ಗಂಟೆ. ಹಾಡಿನ 96 ಪುಟಗಳನ್ನು ಧ್ವನಿಮುದ್ರಿಕೆಯೊಂದಿಗೆ ಪುಟಕ್ಕೆ 25 ನಿಮಿಷದಂತೆ ಹೋಲಿಸಲು 40 ಗಂಟೆ. ಒಟ್ಟು 76 ಗಂಟೆ. ದಿನಕ್ಕೆ 5 ಗಂಟೆಯಂತೆ 16 ದಿನ. ಅಡಿಟಿಪ್ಪಣಿಗಳಿಗೆ 2 ದಿನ, ಪರಿವಿಡಿ ಮತ್ತು ಪುಟಸಂಖ್ಯೆಗೆ 1 ದಿನ, ಮಾರ್ಗದರ್ಶಕರ ಮರುಪರಿಶೀಲನೆಗೆ 2 ದಿನ, ಮುದ್ರಣ ಮತ್ತು ರಟ್ಟು ಕಟ್ಟಲು 2 ದಿನ. ಎಲ್ಲ ಸೇರಿ 25 ದಿನ. ಫೆಬ್ರವರಿ 13ರಿಂದ 28ರವರೆಗೆ ನನಗಿರುವುದು 16 ದಿನ. ಕೊರತೆ 9 ದಿನ. ಒಂಬತ್ತನೆಯ ದಿನ ಮಾರ್ಚ್ 9 ಭಾನುವಾರವಾದ್ದರಿಂದ 10ರವರೆಗೆ ಕೋರಿದ್ದೇನೆ.

ಇದು ನನ್ನ ನೋಂದಣಿಯ ಅವಧಿಯನ್ನು ವಿಸ್ತರಿಸಬೇಕೆಂಬ ಕೋರಿಕೆಯಲ್ಲ. ಆ ಅವಧಿ 2025ರ ಆಗಸ್ಟಿನವರೆಗೆ ಇದೆ. ಪ್ರಬಂಧದ ವಿಷಯ, ಶೀರ್ಷಿಕೆ, ಅಧ್ಯಾಯಗಳಲ್ಲಿ ಯಾವ ಬದಲಾವಣೆಯನ್ನೂ ಮಾಡುವುದಿಲ್ಲ.

ಮೇಲಿನ ಕಾಲಾವಕಾಶ ಸಾಧ್ಯವಿಲ್ಲವಾದಲ್ಲಿ, ಹಳೆಯ ನಮೂನೆಯ ಪ್ರತಿಯನ್ನು ಫೆಬ್ರವರಿ 28ರಂದೇ ಸ್ವೀಕರಿಸಿ, ಯೂನಿಕೋಡ್ ಪ್ರತಿಯನ್ನು ಮಾರ್ಚ್ 10ರಂದು ಬದಲಿಯಾಗಿ ಕೊಡಲು ಅನುಮತಿ ನೀಡಬೇಕೆಂದು ಕೋರುತ್ತೇನೆ.

ಅಡಕ: ಸಾರಲೇಖದ ಸ್ವೀಕೃತಿ, ಹಳೆಯ ನಮೂನೆಯ ಪ್ರತಿ, ಮಾರ್ಗದರ್ಶಕರ ರುಜುವಿರುವ ಪುಟ, ಪರಿವರ್ತನೆಯಾದ ಎರಡು ಮಾದರಿ ಪುಟಗಳು.

ತಮ್ಮ ವಿಶ್ವಾಸಿ.’

ಅರ್ಜಿ ಇಷ್ಟೆ. ಇದರಲ್ಲಿ ಮೂರು ಅಂಶಗಳನ್ನು ವಾಚಕರ ಗಮನಕ್ಕೆ ತರಬಯಸುತ್ತೇನೆ.

‘ಇದು ನೋಂದಣಿಯ ಅವಧಿಯನ್ನು ವಿಸ್ತರಿಸುವ ಕೋರಿಕೆಯಲ್ಲ’ ಎಂಬ ಮಾತು ಅರ್ಜಿಯ ಬೆನ್ನೆಲುಬು. ವಿಸ್ತರಣೆಯೆಂಬ ಒಂದೇ ಪದದಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2016ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮಹಿಳೆಯರಿಗೂ ಶೇಕಡ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಉಳ್ಳವರಿಗೂ ಗರಿಷ್ಠ ಅವಧಿಯಲ್ಲಿ ಎರಡು ವರ್ಷದ ಸಡಿಲಿಕೆ. ಆ ಅವಧಿಯನ್ನು ಮುಟ್ಟುವುದು ನಿಯಮಾವಳಿಯ ಪ್ರಶ್ನೆ. ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಸಭೆ. ಸಾರಲೇಖದ ನಂತರದ ಕೊನೆಯ ದಿನವಾದರೋ ಕಚೇರಿಯ ಆಡಳಿತದ ದಿನ. ಅದನ್ನು ಹತ್ತು ದಿನ ಮುಂದೂಡಲು ಒಂದು ಟಿಪ್ಪಣಿ ಸಾಕು. ‘ಕಾಲಾವಕಾಶ ವಿಸ್ತರಿಸಿ’ ಎಂದಷ್ಟೇ ಬರೆದರೆ ಕಡತ ಮೊದಲನೆಯ ದಾರಿಯಲ್ಲಿ ಹೋಗಿ ತಿಂಗಳುಗಟ್ಟಲೆ ಕೂರುವ ಅಪಾಯವಿದೆ. ಅಕ್ಕ 2019ರ ಆಗಸ್ಟಿನಲ್ಲಿ ಸೇರಿದವರಾದುದರಿಂದ ಅವರ ಆರು ವರ್ಷ ಇನ್ನೂ ತುಂಬಿರಲಿಲ್ಲ. ತುಂಬುವ ಅಂಚಿನಲ್ಲಿರುವವರು ಈ ವಾಕ್ಯವನ್ನು ಹೀಗೆಯೇ ಬರೆಯುವಂತಿಲ್ಲ. ಅಂಥವರಿಗೆ ಅರ್ಜಿಯ ಕೊನೆಯ ಕೋರಿಕೆಯೇ ಮೊದಲ ಕೋರಿಕೆಯಾಗಬೇಕು: ಹಳೆಯ ಪ್ರತಿಯನ್ನು ದಿನಾಂಕದೊಳಗೆ ಸ್ವೀಕರಿಸಿ ಮುದ್ರೆಯೊತ್ತಿಕೊಡಿ, ಬದಲಿ ಪ್ರತಿ ಆಮೇಲೆ.

ಎರಡನೆಯದು ಲೆಕ್ಕ. ಪುಟಕ್ಕೆ 10 ನಿಮಿಷ, 25 ನಿಮಿಷ ಎಂಬುದು ಊಹೆಯಲ್ಲ. ಸುತ್ತೋಲೆ ಬಂದ ಮರುದಿನ ಅಕ್ಕ ಐದು ಪುಟ ಗದ್ಯವನ್ನೂ ಐದು ಪುಟ ಹಾಡನ್ನೂ ಪರಿವರ್ತಿಸಿ, ಗಡಿಯಾರವನ್ನು ಮುಂದಿಟ್ಟುಕೊಂಡು ತಿದ್ದಿ ನೋಡಿದರು. ಆ ಬಳಿಕವೇ ಅರ್ಜಿಯನ್ನು ಬರೆದರು. ಮಾದರಿಯ ಎರಡು ಪುಟಗಳಲ್ಲಿ ಪರಿವರ್ತಕದ ತಪ್ಪುಗಳಿಗೆ ಕೆಂಪು ಶಾಯಿಯ ಗುರುತು ಹಾಕಿ ಲಗತ್ತಿಸಿದರು. ಕಚೇರಿಯವರು ಕನ್ನಡ ಸಾಹಿತ್ಯದ ವಿದ್ವಾಂಸರಾಗಬೇಕಿಲ್ಲ. ‘ಮೂತಿರ್’ ಎಂಬುದನ್ನು ಕಂಡರೆ ಯಾರಿಗಾದರೂ ಕೆಲಸ ಏನೆಂಬುದು ತಿಳಿಯುತ್ತದೆ. ಒಂದು ತಿಂಗಳು ಕೇಳಿ ಹದಿನೈದು ದಿನ ಪಡೆಯುವ ವ್ಯಾಪಾರವನ್ನು ಅವರು ಮಾಡಲಿಲ್ಲ. ಬೇಕಾದದ್ದು ಒಂಬತ್ತು, ಕೇಳಿದ್ದು ಹತ್ತು, ಆ ಒಂದು ದಿನಕ್ಕೂ ಕಾರಣವನ್ನು ಕೊಟ್ಟರು.

ಮೂರನೆಯದು ಸಮಯ. ಸುತ್ತೋಲೆ ತಲಪಿದ ಎರಡನೆಯ ದಿನವೇ ಅರ್ಜಿ ಹೋಯಿತು. ಕೊನೆಯ ದಿನಕ್ಕೆ ಹದಿನಾಲ್ಕು ದಿನ ಮುಂಚೆ ಕೇಳಿದವನು ಯೋಜನೆ ಉಳ್ಳವನೆಂದೂ, ಹಿಂದಿನ ದಿನ ಕೇಳಿದವನು ಸೋಮಾರಿಯೆಂದೂ ಕಚೇರಿ ಎಣಿಸುವುದು ಸಹಜ. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಮುದ್ರೆ ಮತ್ತು ದಿನಾಂಕವನ್ನು ಹಾಕಿಸಿಕೊಂಡು ಬಂದರು. ಉತ್ತರ ಬರುವವರೆಗೆ ಕೈಕಟ್ಟಿ ಕೂರದೆ ಕೆಲಸವನ್ನು ನಡೆಸಿದರು. ಉತ್ತರ ಬಂದದ್ದು ಫೆಬ್ರವರಿ 25ರಂದು, ಶಿವರಾತ್ರಿಯ ಹಿಂದಿನ ದಿನ. ಒಂದೇ ಸಾಲು: ಮಾರ್ಚ್ 10ರವರೆಗೆ ಅನುಮತಿಸಲಾಗಿದೆ. ಪ್ರಬಂಧವನ್ನು ಅಂದೇ ಒಪ್ಪಿಸಿದರು.

ಅನುಮತಿ ಸಿಕ್ಕಿತಲ್ಲ, ಇನ್ನೇನು ಎಂದು ಕೇಳಬಹುದು. ಸಿಕ್ಕಿದ್ದು ಅಕ್ಕನೊಬ್ಬರಿಗೆ. ಸುತ್ತೋಲೆ ಬದಲಾಯಿಸಿದ್ದು ಎಲ್ಲರ ಕೆಲಸವನ್ನು. ಅರ್ಜಿಯನ್ನು ಹೀಗೆ ಬರೆಯಬಲ್ಲವರಿಗೆ ಹತ್ತು ದಿನ, ಬರೆಯಲಾರದವರಿಗೆ ದಂಡ ಎಂದಾದರೆ ಅದು ನ್ಯಾಯವೆನಿಸದು. ನಮ್ಮಂಥ ಮನೆಗಳಿಂದ ಬಂದವರಲ್ಲಿ ಸುತ್ತೋಲೆಗೆ ಎದುರು ಉತ್ತರ ಬರೆಯಬಹುದೆಂಬುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಚ್ಚಾದ ಕಾಗದ ಬಂತೆಂದರೆ ಅದು ಮಾತಿನ ಕೊನೆಯೆಂದು ಅವರು ತಿಳಿಯುತ್ತಾರೆ.

‘ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ’ ಎಂಬುದು ಕಚೇರಿಗಳ ಹಳೆಯ ಸಮಾಧಾನ. ಈ ಭಯಕ್ಕೆ ಮದ್ದು ಸುತ್ತೋಲೆಯಲ್ಲಿಯೇ ಇದೆ, ಬರೆಯುವವರು ಮನಸ್ಸು ಮಾಡಿದರೆ. ಆಯೋಗವು 2022ರ ನವೆಂಬರ್ 7ರಂದು ಪಿಎಚ್.ಡಿ.ಯ ಹೊಸ ನಿಯಮಾವಳಿಯನ್ನು ಹೊರಡಿಸಿದಾಗ, ಅದಕ್ಕೆ ಮುಂಚೆ ನೋಂದಾಯಿಸಿಕೊಂಡವರಿಗೆ ಅವರವರ ಕಾಲಕ್ಕೆ ತಕ್ಕಂತೆ 2009ರ ಅಥವಾ 2016ರ ನಿಯಮಾವಳಿಯೇ ಅನ್ವಯಿಸುವುದೆಂದು ಅದರಲ್ಲಿಯೇ ಹೇಳಿತು. ನಡು ಹೊಳೆಯಲ್ಲಿ ದೋಣಿ ಬದಲಾಯಿಸಬಾರದೆಂಬ ವಿವೇಕ ಅದು. ದೇಶಕ್ಕೆಲ್ಲ ಅನ್ವಯಿಸುವ ನಿಯಮವೇ ಹಾಗೆ ಹಳಬರನ್ನು ಹಳೆಯ ದಾರಿಯಲ್ಲಿ ಬಿಟ್ಟಿರುವಾಗ, ಅಂಚು ಅಕ್ಷರಗಳ ನಮೂನೆಯೊಂದು ಅವರನ್ನು ಹದಿನಾರು ದಿನದಲ್ಲಿ ಹೊಸ ದಾರಿಗೆ ಎಳೆಯುವುದು ಹೊಂದುವ ಮಾತಲ್ಲ.

ಆದುದರಿಂದ ನನ್ನ ಸೂಚನೆ ಚಿಕ್ಕದು. ನಮೂನೆ ಬದಲಾಯಿಸುವ ಸುತ್ತೋಲೆಯಲ್ಲಿ ಎರಡು ವಾಕ್ಯಗಳು ಹೆಚ್ಚಾಗಿರಲಿ. ಈ ನಮೂನೆಯು ಇಂಥ ದಿನದ ನಂತರ ಸಾರಲೇಖವನ್ನು ಒಪ್ಪಿಸುವವರಿಗೆ ಕಡ್ಡಾಯ ಎಂಬುದೊಂದು. ಈಗಾಗಲೇ ಸಾರಲೇಖ ಕೊಟ್ಟವರು ಹಳೆಯ ನಮೂನೆಯ ಪ್ರತಿಯನ್ನು ದಿನಾಂಕದೊಳಗೆ ಕೊಟ್ಟು, ಯೂನಿಕೋಡಿನ ಪ್ರತಿಯನ್ನು ಮೌಖಿಕ ಪರೀಕ್ಷೆಗೆ ಮುಂಚೆ ಕೊಡಬಹುದು ಎಂಬುದು ಇನ್ನೊಂದು. ಪರೀಕ್ಷಕರು ಪ್ರಬಂಧವನ್ನು ಓದುವಷ್ಟು ಕಾಲ ಅಲ್ಲಿ ಹೇಗೂ ಇದೆ. ಭಂಡಾರಕ್ಕೆ ಪ್ರಬಂಧ ಹೋಗುವುದು ಮೌಲ್ಯಮಾಪನ ಮುಗಿದ ಮೇಲೆ, ಪದವಿಯ ಘೋಷಣೆಗೆ ಮುಂಚೆ. ಶುದ್ಧವಾದ ಯೂನಿಕೋಡ್ ಪ್ರತಿ ಬೇಕಾಗುವುದು ಆಗಲೇ. ಕೃತಿಚೌರ್ಯದ ತಪಾಸಣೆಗಾದರೆ, ತಿದ್ದದ ಪರಿವರ್ತಿತ ಕಡತವನ್ನೇ ತತ್ಕಾಲಕ್ಕೆ ಕೊಡಬಹುದು. ಅಲ್ಲಲ್ಲಿ ‘ವಷರ್’ ಇದ್ದ ಮಾತ್ರಕ್ಕೆ ಪುಟಗಟ್ಟಲೆ ಕದ್ದ ಬರಹ ಮರೆಯಾಗಲಾರದು.

ಅವಸರದಲ್ಲಿ ಒಪ್ಪಿಸಿದ ಪ್ರಬಂಧ ಕಚೇರಿಯ ಪಟ್ಟಿಯಲ್ಲಿ ಸಕಾಲಕ್ಕೆ ಬಂದದ್ದೆಂದು ಗುರುತಾಗುತ್ತದೆ. ಆದರೆ ಅದರೊಳಗೆ ‘ಆಲು’ ‘ಹಾಲು’ ಆಗಿ ಕುಳಿತರೆ ಮುಂದೆ ಅದನ್ನು ಓದಿ ನಮ್ಮ ಸೀಮೆಯ ಮಾತನ್ನು ಅರಿಯಬಯಸುವವನಿಗೆ ಸಿಕ್ಕುವುದು ಪರಿವರ್ತಕದ ಕನ್ನಡ, ಹಾಡುಗಾರನದಲ್ಲ. ಅಕ್ಕನ ಮುದ್ರಿಕೆಗಳಲ್ಲಿರುವ ಮುದುಕರಲ್ಲಿ ಇಬ್ಬರು ಈಗಿಲ್ಲ. ಅವರ ಹಾಡನ್ನು ಮತ್ತೆ ಕೇಳಿ ತಿದ್ದುವ ಅವಕಾಶ ಯಾರಿಗೂ ಇಲ್ಲ. ಆ ಹತ್ತು ದಿನವನ್ನು ಅಕ್ಕ ಕೇಳಿದ್ದು ಇದಕ್ಕಾಗಿ.

— ಅಂತಿಮ ಬಿ.ಎ. ವಿದ್ಯಾರ್ಥಿ, ಬಂಡಳ್ಳಿ